ಮಂಗಳವಾರದ ಲೆಕ್ಕ, ಶನಿವಾರದ ಓದು

2018ರ ಜುಲೈ ಮಧ್ಯಭಾಗ. ನ್ಯೂಯಾರ್ಕ್‌ನ ಕಾಮೆಕ್ಸ್ ವಾಯಿದಾ ಪೇಟೆಯಲ್ಲಿ ಚಿನ್ನದ ಬೆಲೆ ಔನ್ಸಿಗೆ 1,227 ಡಾಲರ್ ಆಸುಪಾಸಿನಲ್ಲಿತ್ತು. ಆ ವಾರದ ವರದಿಯಲ್ಲಿ ಅಪರೂಪದ ಸಂಗತಿಯೊಂದು ಕಂಡಿತು. ದೊಡ್ಡ ಸಟ್ಟಾ ನಿಧಿಗಳು ಒಟ್ಟಾರೆಯಾಗಿ ಚಿನ್ನವನ್ನು ಕೊಂಡದ್ದಕ್ಕಿಂತ ಹೆಚ್ಚು ಮಾರಿದ್ದವು. ಎರಡು ವರ್ಷಗಳಿಗೂ ಹೆಚ್ಚು ಕಾಲ ಹಾಗಾಗಿರಲಿಲ್ಲ. ಬೆಲೆ ಇಳಿಯುತ್ತದೆಂದು ಪಂದ್ಯ ಕಟ್ಟಿದವರು ಇಷ್ಟು ಜನ ಸೇರಿದ ಮೇಲೆ ಇನ್ನು ಮಾರಲು ಯಾರು ಉಳಿದಿದ್ದಾರೆ, ಇದೇ ತಳ, ಕೊಳ್ಳಲು ಇದೇ ಸಮಯ ಎಂಬ ತರ್ಕ ಸುಲಭವಾಗಿ ಹುಟ್ಟಿತು. ಆದರೆ ತಿಂಗಳು ತುಂಬುವಷ್ಟರಲ್ಲಿ, ಆಗಸ್ಟ್ 16ರಂದು, ಬೆಲೆ 1,160 ಡಾಲರಿಗೆ ಬಿತ್ತು. ಸಾಲದ ಬಲದ ಮೇಲೆ ನಡೆಯುವ ವಾಯಿದಾ ವ್ಯಾಪಾರದಲ್ಲಿ ಐದು ಶೇಕಡಾ ಕುಸಿತವೆಂದರೆ ಕಟ್ಟಿದ ಮಾರ್ಜಿನ್ ಹಣವೆಲ್ಲ ಕರಗಲು ಸಾಕು.

ಈ ವರದಿಯ ಹೆಸರು ‘ಕಮಿಟ್‌ಮೆಂಟ್ಸ್ ಆಫ್ ಟ್ರೇಡರ್ಸ್’. ಅಮೆರಿಕದ ವಾಯಿದಾ ಪೇಟೆಗಳ ನಿಯಂತ್ರಕ ಸಂಸ್ಥೆಯಾದ ಸಿಎಫ್‌ಟಿಸಿ ಇದನ್ನು ಪ್ರತಿ ವಾರ ಪ್ರಕಟಿಸುತ್ತದೆ. ಚಿನ್ನದಲ್ಲಿ 200 ಲಾಟ್ ಅಥವಾ ಅದಕ್ಕಿಂತ ಹೆಚ್ಚು ವ್ಯವಹಾರ ಇಟ್ಟುಕೊಂಡವರ ವಿವರ ನಿಯಂತ್ರಕರಿಗೆ ಹೋಗಲೇಬೇಕು. ಒಂದು ಲಾಟ್ ಎಂದರೆ 100 ಔನ್ಸ್, ಅಂದರೆ ಸುಮಾರು 3.1 ಕಿಲೋ ಚಿನ್ನ. ವರದಿ ಈ ವ್ಯಾಪಾರಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತದೆ: ಗಣಿ ಕಂಪನಿ ಮತ್ತು ಆಭರಣ ತಯಾರಕರಂಥ ನಿಜ ವ್ಯವಹಾರಸ್ಥರು, ಸ್ವಾಪ್ ಡೀಲರ್‌ಗಳೆನ್ನುವ ಬ್ಯಾಂಕುಗಳು, ‘ಮ್ಯಾನೇಜ್ಡ್ ಮನಿ’ ಎಂಬ ಹೆಸರಿನ ನಿಧಿಗಳು, ಇತರ ದೊಡ್ಡ ವ್ಯಾಪಾರಿಗಳು, ಕೊನೆಗೆ ಲೆಕ್ಕಕ್ಕೆ ಸಿಗದ ಸಣ್ಣವರು. ಪತ್ರಿಕೆಗಳು ‘ಸಟ್ಟಾ ವ್ಯಾಪಾರಿಗಳು’ ಎನ್ನುವಾಗ ಹೆಚ್ಚಾಗಿ ಈ ಮ್ಯಾನೇಜ್ಡ್ ಮನಿ ಗುಂಪನ್ನೇ ಸೂಚಿಸುತ್ತವೆ.

ಇಲ್ಲಿ ಮೊದಲು ಗಮನಿಸಬೇಕಾದದ್ದು ದಿನಾಂಕ. ಲೆಕ್ಕ ಹಿಡಿಯುವುದು ಮಂಗಳವಾರದ ವಹಿವಾಟು ಮುಗಿದಾಗ, ಪ್ರಕಟವಾಗುವುದು ಅಮೆರಿಕದ ಶುಕ್ರವಾರ ಮಧ್ಯಾಹ್ನ 3.30ಕ್ಕೆ. ನಮ್ಮಲ್ಲಿ ಆಗ ಶನಿವಾರ ನಸುಕಿನ 1 ಗಂಟೆ, ಅಮೆರಿಕದ ಚಳಿಗಾಲದಲ್ಲಾದರೆ 2 ಗಂಟೆ. ಮುಂಬೈನ ಎಂಸಿಎಕ್ಸ್ ಪೇಟೆ ಅಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಹಾಗಾಗಿ ಇಲ್ಲಿಯ ವ್ಯಾಪಾರಿ ಆ ಅಂಕಿಯನ್ನು ಬಳಸಬಲ್ಲದ್ದು ಸೋಮವಾರ ಬೆಳಿಗ್ಗೆ. ಅಷ್ಟು ಹೊತ್ತಿಗೆ ಅದಕ್ಕೆ ಸುಮಾರು ಆರು ದಿನ ವಯಸ್ಸಾಗಿರುತ್ತದೆ.

ಈ ವಿಳಂಬ ಏನು ಮಾಡಬಲ್ಲದೆಂಬುದಕ್ಕೆ ಅದೇ 2018ರ ಕಥೆಯ ಮುಂದಿನ ಭಾಗ ನೋಡಬೇಕು. ಆಗಸ್ಟ್‌ನಲ್ಲಿ ತಳ ಕಂಡ ಬೆಲೆ ಮತ್ತೆ 1,200 ಡಾಲರಿನ ಹತ್ತಿರ ಬಂದು ವಾರಗಟ್ಟಲೆ ಅಲ್ಲೇ ಹೊಯ್ದಾಡಿತು. ನಿಧಿಗಳು ಮಾರಾಟದ ಪಂದ್ಯವನ್ನು ಬಿಡಲಿಲ್ಲ, ಹೆಚ್ಚಿಸಿದವು. ಅಕ್ಟೋಬರ್ 9ರ ಮಂಗಳವಾರದ ಲೆಕ್ಕದಲ್ಲಿ ಅವುಗಳ ನಿವ್ವಳ ಮಾರಾಟ 1 ಲಕ್ಷ ಲಾಟಿನ ಆಸುಪಾಸಿಗೆ ಮುಟ್ಟಿತ್ತು. ಚಿನ್ನದ ತೂಕದಲ್ಲಿ ಹೇಳುವುದಾದರೆ 300 ಟನ್‌ಗೂ ಮಿಗಿಲು. ಮರುದಿನ ಅಮೆರಿಕದ ಷೇರುಪೇಟೆ ಜೋರಾಗಿ ಕುಸಿಯಿತು. ಗುರುವಾರ, 11ರಂದು, ಹೆದರಿದ ಹಣ ಚಿನ್ನದತ್ತ ಹರಿಯಿತು. ಮಾರಿ ಕೂತಿದ್ದ ನಿಧಿಗಳು ನಷ್ಟ ತಪ್ಪಿಸಿಕೊಳ್ಳಲು ತಾವೂ ಕೊಳ್ಳಬೇಕಾಯಿತು. ಒಂದೇ ದಿನ ಬೆಲೆ ಸುಮಾರು 30 ಡಾಲರ್ ಜಿಗಿಯಿತು. ಎರಡು ವರ್ಷಗಳಿಗೂ ಹೆಚ್ಚು ಕಾಲ ಅಂಥ ಏರಿಕೆ ಕಂಡಿರಲಿಲ್ಲ.

ದಾಖಲೆಯ ಮಾರಾಟ ತೋರಿಸುವ ವರದಿ ಹೊರಬಂದದ್ದು ಇದಾದ ಮರುದಿನ, ಶುಕ್ರವಾರ. ‘ಈಗ ಇವರೆಲ್ಲ ಓಡಿಬಂದು ಕೊಳ್ಳಬೇಕಾಗುತ್ತದೆ’ ಎಂದು ಅದನ್ನೋದಿ ಲೆಕ್ಕ ಹಾಕಿದವರ ಪಾಲಿಗೆ ಆ ಓಟದ ದೊಡ್ಡ ಭಾಗ ಆಗಲೇ ಮುಗಿದಿತ್ತು. ಮುಂದಿನ ವಾರದ ವರದಿಯಲ್ಲಿ ನಿವ್ವಳ ಮಾರಾಟ ಗಣನೀಯವಾಗಿ ಕುಗ್ಗಿತ್ತು.

ಹಾಗಾದರೆ ವರದಿ ಸುಳ್ಳು ಹೇಳಿತೇ? ಇಲ್ಲ. ಒಂದು ಕಡೆ ಬಹಳ ಜನ ಸೇರಿದ್ದಾರೆ, ಸುದ್ದಿ ಎದುರು ದಿಕ್ಕಿನಿಂದ ಬಂದರೆ ಬೆಲೆಯ ಜಿಗಿತ ದೊಡ್ಡದಾಗುತ್ತದೆ ಎಂಬಷ್ಟನ್ನು ಅದು ಸರಿಯಾಗಿಯೇ ತಿಳಿಸಿತ್ತು. ಆ ಸುದ್ದಿ ಯಾವಾಗ ಬರುತ್ತದೆ ಎಂಬುದನ್ನು ಹೇಳುವ ಶಕ್ತಿ ಅದಕ್ಕಿರಲಿಲ್ಲ. ಜುಲೈಯಿಂದ ಅಕ್ಟೋಬರ್‌ವರೆಗೆ ಸುಮಾರು ಮೂರು ತಿಂಗಳು ‘ಮಿತಿಮೀರಿದ ಮಾರಾಟ’ ಮಿತಿಮೀರಿಯೇ ಇತ್ತು. 2016ರಲ್ಲಿ ಇದರ ತಲೆಕೆಳಗಾದ ಉದಾಹರಣೆ ಇದೆ. ಆ ವರ್ಷ ಜುಲೈನಲ್ಲಿ ನಿಧಿಗಳ ಖರೀದಿ ದಾಖಲೆ ಮಟ್ಟಕ್ಕೇರಿತ್ತು, ಬೆಲೆ 1,375 ಡಾಲರ್ ಮುಟ್ಟಿತ್ತು. ಆದರೆ ಜೋರಾದ ಕುಸಿತ ಬಂದದ್ದು ಅಕ್ಟೋಬರ್‌ನಲ್ಲಿ.

ಇನ್ನು ಅಂಕಿಯ ಒಳಗೇ ಒಂದು ತೊಡಕಿದೆ. ಸುದ್ದಿಯಲ್ಲಿ ಬರುವುದು ಸಾಮಾನ್ಯವಾಗಿ ನಿವ್ವಳ ಲೆಕ್ಕ, ಅಂದರೆ ಖರೀದಿಯಿಂದ ಮಾರಾಟವನ್ನು ಕಳೆದು ಉಳಿದದ್ದು. ಊಹೆಗಾಗಿ ಒಂದು ವಾರ ನಿಧಿಗಳ ಬಳಿ 1,50,000 ಲಾಟ್ ಖರೀದಿ, 60,000 ಲಾಟ್ ಮಾರಾಟ ಇತ್ತೆನ್ನೋಣ, ನಿವ್ವಳ 90,000. ಮುಂದಿನ ವಾರ ಅದು 1,20,000 ಆಗುತ್ತದೆ. ‘ನಿಧಿಗಳು 30,000 ಲಾಟ್ ಚಿನ್ನ ಕೊಂಡವು’ ಎಂದು ಸುದ್ದಿಯಾಗುತ್ತದೆ. ಖರೀದಿ 1,80,000ಕ್ಕೆ ಏರಿದ್ದರೆ ಹೊಸ ಹಣ ಬಂದಿದೆ ಎನ್ನಬಹುದು. ಖರೀದಿ ಅಷ್ಟೇ ಇದ್ದು, ಮಾರಾಟ 30,000ಕ್ಕೆ ಇಳಿದಿದ್ದರೆ ಹಳೆಯ ಪಂದ್ಯ ಕಟ್ಟಿದವರು ಸುಮ್ಮನೆ ಜಾಗ ಖಾಲಿ ಮಾಡಿದ್ದಾರೆ. ಎರಡನೆಯ ಬಗೆಯ ಏರಿಕೆ ಮಾರಿದವರು ಮುಗಿಯುತ್ತಿದ್ದಂತೆ ನಿಂತುಬಿಡಬಹುದು. ವರದಿಯಲ್ಲಿ ಖರೀದಿಗೂ ಮಾರಾಟಕ್ಕೂ ಬೇರೆ ಬೇರೆ ಕಾಲಂ ಇದೆ. ಎರಡನ್ನೂ ನೋಡದೆ ನಿವ್ವಳದ ಮೇಲೆ ಕಥೆ ಕಟ್ಟುವುದು ಈ ವರದಿಯ ಓದಿನಲ್ಲಿ ಅತಿ ಸಾಮಾನ್ಯವಾದ ತಪ್ಪು.

ಇನ್ನೊಂದು ತಪ್ಪು ಇದಕ್ಕಿಂತ ಆಕರ್ಷಕ. ಬ್ಯಾಂಕುಗಳ ಕಾಲಂನಲ್ಲಿ ದೊಡ್ಡ ಮಾರಾಟ ಕಂಡೊಡನೆ ‘ಬ್ಯಾಂಕುಗಳು ಬೆಲೆಯನ್ನು ತುಳಿಯುತ್ತಿವೆ’ ಎಂದು ಹೇಳುವವರಿದ್ದಾರೆ. ವಾಯಿದೆಯಲ್ಲಿ ಕೊಳ್ಳುವ ಪ್ರತಿ ಲಾಟಿಗೂ ಮಾರುವವನೊಬ್ಬ ಇರಲೇಬೇಕು. ನಿಧಿಗಳು ಖರೀದಿ ಹೆಚ್ಚಿಸಿದರೆ ಎದುರು ಬದಿಯ ಯಾವುದೋ ಗುಂಪಿನ ಮಾರಾಟ ತಾನಾಗಿ ಹೆಚ್ಚುತ್ತದೆ. ಲಂಡನ್‌ನಲ್ಲಿ ಗಟ್ಟಿ ಚಿನ್ನ ಇಟ್ಟುಕೊಂಡು, ಬೆಲೆ ಇಳಿದರೆ ನಷ್ಟವಾಗದಿರಲೆಂದು ನ್ಯೂಯಾರ್ಕ್‌ನಲ್ಲಿ ಮಾರುವ ಬ್ಯಾಂಕು ಈ ವರದಿಯಲ್ಲಿ ಮಾರಾಟಗಾರನಾಗಿಯೇ ಕಾಣುತ್ತದೆ. ಅದರ ಲಂಡನ್ ದಾಸ್ತಾನು ಇಲ್ಲಿ ಕಾಣುವುದೇ ಇಲ್ಲ.

ಕಾಣದಿರುವ ದೊಡ್ಡ ಖರೀದಿದಾರರು ಬೇರೆಯೂ ಇದ್ದಾರೆ. 2022, 2023, 2024ರ ಪ್ರತಿ ವರ್ಷವೂ ಜಗತ್ತಿನ ಕೇಂದ್ರ ಬ್ಯಾಂಕುಗಳು 1,000 ಟನ್‌ಗಿಂತ ಹೆಚ್ಚು ಚಿನ್ನ ಕೊಂಡವು ಎಂದು ವಿಶ್ವ ಚಿನ್ನ ಮಂಡಳಿಯ ಲೆಕ್ಕ ಹೇಳುತ್ತದೆ. ಆ ಖರೀದಿ ಕಾಮೆಕ್ಸ್ ನಿಧಿಗಳ ಕಾಲಂಗೆ ಬರುವುದಿಲ್ಲ. ನಿಧಿಗಳ ಕಾಲಂ ಒಂದನ್ನೇ ನೋಡಿ ‘ಖರೀದಿ ತುಂಬಿತು, ಇನ್ನು ಇಳಿಕೆ’ ಎಂದು ನಂಬಿದವರು ಆ ವರ್ಷಗಳ ಏರಿಕೆಯಲ್ಲಿ ಹೊರಗುಳಿದರು.

ಕೆಲವೊಮ್ಮೆ ವರದಿಯೇ ಇರುವುದಿಲ್ಲ. 2025ರ ಅಕ್ಟೋಬರ್ 1ರಿಂದ ಅಮೆರಿಕದ ಸರ್ಕಾರಿ ಕಚೇರಿಗಳು ಅನುದಾನವಿಲ್ಲದೆ ಸ್ತಬ್ಧವಾದಾಗ ಇದರ ಪ್ರಕಟಣೆಯೂ ನಿಂತಿತು. ಅದೇ ತಿಂಗಳು ಚಿನ್ನ 4,300 ಡಾಲರ್ ದಾಟಿತು, 21ರಂದು ಒಂದೇ ದಿನ ಐದು ಶೇಕಡಾಗಿಂತ ಹೆಚ್ಚು ಕುಸಿಯಿತು. ಎರಡೂ ನಡೆದಾಗ ಯಾರ ಕೈಯಲ್ಲೂ ಹೊಸ ಅಂಕಿ ಇರಲಿಲ್ಲ.

ಬೆಂಗಳೂರಿನ ಚಿನಿವಾರ ಪೇಟೆಯ ದರವನ್ನು ಈ ವರದಿಯಿಂದ ಊಹಿಸಲು ಹೊರಡುವವರು ಮತ್ತೊಂದು ಹೆಜ್ಜೆ ಹಿಂದಿರುತ್ತಾರೆ. ಇಲ್ಲಿಯ ದರದಲ್ಲಿ ರೂಪಾಯಿಯ ಮೌಲ್ಯವೂ ಆಮದು ಸುಂಕವೂ ಸೇರಿವೆ. 2024ರ ಜುಲೈ 23ರ ಬಜೆಟ್‌ನಲ್ಲಿ ಸುಂಕ ಶೇ 15ರಿಂದ 6ಕ್ಕೆ ಇಳಿದಾಗ ಎಂಸಿಎಕ್ಸ್‌ನಲ್ಲಿ 10 ಗ್ರಾಂಗೆ ಹೆಚ್ಚುಕಡಿಮೆ 4,000 ರೂಪಾಯಿ ಬಿತ್ತು. ನ್ಯೂಯಾರ್ಕ್‌ನ ನಿಧಿಗಳಿಗೆ ಅದರೊಂದಿಗೆ ಸಂಬಂಧವಿರಲಿಲ್ಲ. ಮಗಳ ಮದುವೆಗೆ ಒಡವೆ ಮಾಡಿಸುವವರು ಈ ವರದಿಯನ್ನು ನೋಡದೆಯೂ ಇರಬಹುದು. ವಾಯಿದೆಯಲ್ಲಿ ಹಣ ಹಾಕುವವರು ಮಾತ್ರ ಪ್ರತಿ ವಾರ ನೋಡಲಿ, ಖರೀದಿ ಮಾರಾಟಗಳೆರಡನ್ನೂ ಹಿಂದಿನ ವರ್ಷಗಳ ಅಂಕಿಗಳೊಂದಿಗೆ ಹೋಲಿಸಲಿ. ಲೆಕ್ಕ ಒಂದೇ ಕಡೆ ವಾಲಿದ್ದರೆ ತಾವು ಇಡುವ ಲಾಟುಗಳನ್ನು ಕಡಿಮೆ ಮಾಡಲು ಅದು ಒಳ್ಳೆಯ ಕಾರಣ. ಕೊಳ್ಳುವ ದಿನ ಗೊತ್ತುಮಾಡಲು ಅಲ್ಲ.