ಬಿಲ್‌ನಲ್ಲಿ ಬೇರೆಯವರ ಜಿಎಸ್‌ಟಿ ನಂಬರ್ ಬಂದರೆ

ಪೀಣ್ಯದಲ್ಲಿ ಒಂದೇ ಕಾಂಪೌಂಡಿನೊಳಗೆ ಅಣ್ಣತಮ್ಮಂದಿರ ಎರಡು ವರ್ಕ್‌ಶಾಪ್ ಇವೆ ಎಂದಿಟ್ಟುಕೊಳ್ಳಿ. ಅಣ್ಣನದು ಗೇಟು, ಗ್ರಿಲ್ ಮಾಡುವ ಕೆಲಸ, ತಮ್ಮನದು ಲೇತ್. ಇಬ್ಬರಿಗೂ ಬೇರೆ ಬೇರೆ ಜಿಎಸ್‌ಟಿ ನೋಂದಣಿ. ಆಗಸ್ಟ್ 18ರಂದು ಅಣ್ಣ 80,000 ರೂಪಾಯಿಯ ವೆಲ್ಡಿಂಗ್ ಮೆಷಿನ್ ತರಿಸುತ್ತಾನೆ. ಮೇಲೆ ಶೇ 18ರಂತೆ 14,400 ರೂಪಾಯಿ ತೆರಿಗೆ. ಡೀಲರ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ವಿಳಾಸಕ್ಕೆ ಮೊದಲಿಂದ ಇದ್ದದ್ದು ತಮ್ಮನ ಖಾತೆ. ಬಿಲ್ ಮಾಡಿದ ಹುಡುಗ ಮೇಲೆ ಅಣ್ಣನ ಹೆಸರು ಬದಲಾಯಿಸಿದ, ಕೆಳಗಿನ ಜಿಎಸ್‌ಟಿ ನಂಬರ್ ಹಾಗೇ ಬಿಟ್ಟ. ಅಣ್ಣ ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬೇಕಾಗಿದ್ದ 14,400 ರೂಪಾಯಿ ತಮ್ಮನ ಲೆಕ್ಕದಲ್ಲಿ ಹೋಗಿ ಕುಳಿತಿತು.

ಕೀ ತಪ್ಪಿ ಒತ್ತಿ ಒಂದು ಅಂಕಿ ಹೆಚ್ಚುಕಡಿಮೆಯಾದರೆ ಸಾಮಾನ್ಯವಾಗಿ ಇಷ್ಟು ದೂರ ಬರುವುದಿಲ್ಲ. ಜಿಎಸ್‌ಟಿ ನಂಬರಿನ 15 ಸ್ಥಾನಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ವ್ಯಾಪಾರಿಯ ಪ್ಯಾನ್. ಕೊನೆಯ ಒಂದು ಸ್ಥಾನ ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವ ತಾಳೆಯ ಅಕ್ಷರ ಅಥವಾ ಅಂಕಿ. ನಡುವೆ ಏನಾದರೂ ಬದಲಾದರೆ ತಾಳೆ ತಪ್ಪುತ್ತದೆ, ಪೋರ್ಟಲ್ ಆ ನಂಬರನ್ನು ಒಪ್ಪುವುದಿಲ್ಲ. ಪೋರ್ಟಲ್ ಒಪ್ಪಿಕೊಂಡ ತಪ್ಪು ನಂಬರ್ ಎಂದರೆ ಬಹುಪಾಲು ಇನ್ಯಾರದೋ ನಿಜವಾದ ನಂಬರ್: ಮನೆಯವರದೇ ಇನ್ನೊಂದು ಫರ್ಮು, ಬೇರೆ ರಾಜ್ಯದ ಬ್ರಾಂಚು, ಪಾರ್ಟ್‌ನರ್‌ಶಿಪ್ ಆಗುವ ಮೊದಲಿನ ಹಳೆಯ ನೋಂದಣಿ. ಆದ್ದರಿಂದಲೇ ಇದು ಬರೀ ಕಾಗದದ ಮೇಲಿನ ತಪ್ಪಲ್ಲ.

ಬಿಲ್‌ನಲ್ಲಿರುವ ಎಲ್ಲ ತಪ್ಪಿಗೂ ಡೀಲರ್ ಹಿಂದೆ ಓಡಬೇಕಾಗಿಲ್ಲ. ತೆರಿಗೆ ಮೊತ್ತ, ಸರಕಿನ ವಿವರ, ಒಟ್ಟು ಮೌಲ್ಯ, ಮಾರಿದವರ ಮತ್ತು ಕೊಂಡವರ ಜಿಎಸ್‌ಟಿ ನಂಬರ್ ಇದ್ದು, ಅಂತರರಾಜ್ಯ ವ್ಯವಹಾರವಾದರೆ ಸರಬರಾಜಿನ ಸ್ಥಳವೂ ಇದ್ದರೆ, ಬೇರೆ ಸಣ್ಣಪುಟ್ಟ ವಿವರ ಬಿಟ್ಟುಹೋಗಿದ್ದರೂ ಕ್ರೆಡಿಟ್ ಪಡೆಯಬಹುದು ಎಂದು 36ನೇ ನಿಯಮ ಹೇಳುತ್ತದೆ. ಅಡ್ಡರಸ್ತೆಯ ಸಂಖ್ಯೆ ತಪ್ಪಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕೊಂಡವರ ನಂಬರ್ ಮಾತ್ರ ಬಿಡುವಂತಿಲ್ಲದ ಪಟ್ಟಿಯಲ್ಲಿದೆ.

ಇಲ್ಲಿ ಹೆಚ್ಚಿನವರು ಎಡವುವುದು ಒಂದು ಕಡೆ. ಡೀಲರ್‌ಗೆ ಫೋನ್ ಮಾಡುತ್ತಾರೆ, ಅವನು ಸರಿಯಾದ ನಂಬರ್ ಹಾಕಿ ಹೊಸ ಪ್ರಿಂಟ್ ಕಳಿಸುತ್ತಾನೆ, ಅದನ್ನು ಫೈಲಿಗೆ ಹಾಕಿ ಸುಮ್ಮನಾಗುತ್ತಾರೆ. ಆದರೆ 2022ರ ಜನವರಿಯಿಂದ ಕೈಯಲ್ಲಿ ಬಿಲ್ ಇದ್ದರಷ್ಟೇ ಸಾಲದು. ಮಾರಿದವನು ಆ ಬಿಲ್ಲನ್ನು ತನ್ನ ಜಿಎಸ್‌ಟಿಆರ್-1ರಲ್ಲಿ ತೋರಿಸಿರಬೇಕು, ಅದು ಕೊಂಡವರ ಜಿಎಸ್‌ಟಿಆರ್-2ಬಿಯಲ್ಲಿ ಕಾಣಬೇಕು. ಹೊಸ ಪ್ರಿಂಟ್ ಅಣ್ಣನ ಫೈಲಿನಲ್ಲಿದೆ, ಪೋರ್ಟಲ್‌ನಲ್ಲಿ ಬಿಲ್ ತಮ್ಮನ 2ಬಿಯಲ್ಲೇ ಇದೆ ಎಂದಾದರೆ ಅಣ್ಣನಿಗೆ ಕ್ರೆಡಿಟ್ ಇಲ್ಲ. ಡೀಲರ್‌ನಿಂದ ಕೇಳಿ ಪಡೆಯಬೇಕಾದದ್ದು ಎರಡು: ತಿದ್ದಿದ ಬಿಲ್, ಮತ್ತು ರಿಟರ್ನಿನಲ್ಲಿ ತಿದ್ದುಪಡಿ.

ಕೇಳುವ ದಿನಕ್ಕೆ ತಕ್ಕಂತೆ ದಾರಿ ಬದಲಾಗುತ್ತದೆ. ತಿಂಗಳು ತಿಂಗಳು ರಿಟರ್ನ್ ಹಾಕುವ ಡೀಲರ್ ಆಗಸ್ಟ್‌ನ ಜಿಎಸ್‌ಟಿಆರ್-1ನ್ನು ಸೆಪ್ಟೆಂಬರ್ 11ರೊಳಗೆ ಹಾಕಬೇಕು. ಅಷ್ಟರೊಳಗೆ ಅಣ್ಣ ಕೇಳಿದರೆ ಸುಲಭ: ತಪ್ಪು ಬಿಲ್ ರದ್ದು ಮಾಡಿ ಸರಿಯಾದದ್ದನ್ನೇ ರಿಟರ್ನಿಗೆ ಸೇರಿಸಬಹುದು. ಡೀಲರ್‌ನ ವಹಿವಾಟು 5 ಕೋಟಿ ರೂಪಾಯಿ ದಾಟಿದ್ದರೆ ಅವನದು ಇ-ಇನ್‌ವಾಯ್ಸ್. ಅಲ್ಲಿ ರದ್ದತಿಗೆ ಸಿಗುವುದು 24 ಗಂಟೆ ಮಾತ್ರ, ರದ್ದಾದ ಬಿಲ್ ನಂಬರನ್ನು ಮತ್ತೆ ಬಳಸುವಂತಿಲ್ಲ. ಸರಕು ಇಳಿಸಿಕೊಂಡ ದಿನವೇ ಬಿಲ್ ಮೇಲಿನ ನಂಬರನ್ನು ತನ್ನ ಸರ್ಟಿಫಿಕೇಟ್ ಪಕ್ಕ ಇಟ್ಟು ಓದಿಕೊಳ್ಳುವುದರ ಲಾಭ ಈ 24 ಗಂಟೆಯೊಳಗೇ ಗೊತ್ತಾಗುತ್ತದೆ.

ನಮ್ಮ ಅಣ್ಣ ನೋಡಿದ್ದು ಸೆಪ್ಟೆಂಬರ್ 14ರಂದು 2ಬಿ ಬಂದ ಮೇಲೆ. ಆ ಪಟ್ಟಿಯಲ್ಲಿ ವೆಲ್ಡಿಂಗ್ ಮೆಷಿನ್ ಇಲ್ಲ. ಆಗ ಡೀಲರ್‌ಗೆ ಹೋಗಬೇಕಾದ ಸಂದೇಶ ಹೀಗಿದ್ದರೆ ಕೆಲಸ ಆಗುತ್ತದೆ:

"ನಮಸ್ಕಾರ ಸರ್. ಆಗಸ್ಟ್ 18ರ ನಿಮ್ಮ 412ನೇ ನಂಬರಿನ ಬಿಲ್‌ನಲ್ಲಿ ಹೆಸರು ನಮ್ಮದಿದೆ, ಜಿಎಸ್‌ಟಿ ನಂಬರ್ ತಮ್ಮನ ವರ್ಕ್‌ಶಾಪಿನದು ಬಂದಿದೆ. ನಮ್ಮ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಕಳಿಸಿದ್ದೇನೆ. ಆಗಸ್ಟ್ ಜಿಎಸ್‌ಟಿಆರ್-1 ಫೈಲ್ ಆಗಿರುವುದರಿಂದ ಸೆಪ್ಟೆಂಬರ್ ರಿಟರ್ನಿನ 9ಎ ಟೇಬಲ್‌ನಲ್ಲಿ ಈ ಬಿಲ್ ತಿದ್ದಿಸಿ, ತಿದ್ದಿದ ಬಿಲ್ ಸಹಿ ಮಾಡಿ ಕಳಿಸಿಕೊಡಿ. ನಿಮ್ಮ ಆಡಿಟರ್ ನಂಬರ್ ಕೊಟ್ಟರೆ ನಾನೇ ಮಾತಾಡುತ್ತೇನೆ."

ಕೊನೆಯ ಸಾಲು ಉಪಚಾರಕ್ಕಲ್ಲ. ಅಂಗಡಿಯವನು ಬಿಲ್ ಮಾಡುತ್ತಾನೆ, ರಿಟರ್ನ್ ಹಾಕುವವರು ಆಡಿಟರ್ ಆಫೀಸಿನಲ್ಲಿರುತ್ತಾರೆ. ಅವರ ಕಿವಿಗೆ ಬೀಳದ ತಿದ್ದುಪಡಿ ಆಗುವುದೇ ಇಲ್ಲ. 9ಎ ಎಂಬುದು ಹಿಂದಿನ ತಿಂಗಳುಗಳ ಬಿಲ್‌ಗಳನ್ನು ತಿದ್ದಲು ಇರುವ ಟೇಬಲ್. ಅಕ್ಟೋಬರ್ 11ರೊಳಗೆ ಡೀಲರ್ ರಿಟರ್ನ್ ಹಾಕಿದರೆ, ಅಕ್ಟೋಬರ್ 14ರ 2ಬಿಯಲ್ಲಿ ಬಿಲ್ ಅಣ್ಣನ ಹೆಸರಿಗೆ ಬರುತ್ತದೆ. 20ರೊಳಗೆ ಹಾಕುವ ತನ್ನ 3ಬಿಯಲ್ಲಿ ಅವನು 14,400 ರೂಪಾಯಿ ಪಡೆಯಬಹುದು. ಡೀಲರ್‌ಗೆ ಇದರಿಂದ ಹೆಚ್ಚಿನ ತೆರಿಗೆ ಬೀಳುವುದಿಲ್ಲ, ಮೊತ್ತ ಅಷ್ಟೇ, ನಂಬರ್ ಮಾತ್ರ ಬೇರೆ. ಹಿಂಜರಿಯುವ ಡೀಲರ್‌ಗೆ ಇದನ್ನು ಬಿಡಿಸಿ ಹೇಳಬೇಕು.

ಕೆಲವರು 9ಎ ಬದಲು ತಪ್ಪು ನಂಬರಿಗೆ ಕ್ರೆಡಿಟ್ ನೋಟ್ ಕೊಟ್ಟು, ಸರಿಯಾದ ನಂಬರಿಗೆ ಇಂದಿನ ತಾರೀಕಿನ ಹೊಸ ಬಿಲ್ ಮಾಡುತ್ತಾರೆ. ಈ ರೂಢಿ ಸಾಕಷ್ಟಿದೆ. ಆದರೆ ಕಾಯ್ದೆಯ 34ನೇ ಸೆಕ್ಷನ್ ಕ್ರೆಡಿಟ್ ನೋಟಿಗೆ ಹೇಳುವ ಕಾರಣಗಳು ಬೇರೆ: ಮೌಲ್ಯವೋ ತೆರಿಗೆಯೋ ಹೆಚ್ಚಾಗಿ ಹಾಕಿರಬೇಕು, ಸರಕು ವಾಪಸ್ ಬಂದಿರಬೇಕು ಅಥವಾ ಅದರಲ್ಲಿ ಕೊರತೆ ಇರಬೇಕು. ಆಗಸ್ಟ್‌ನಲ್ಲಿ ಬಂದ ಮೆಷಿನ್‌ಗೆ ಅಕ್ಟೋಬರ್‌ನ ಬಿಲ್ ಏಕೆ ಎಂದು ಮುಂದೆ ಯಾರಾದರೂ ಕೇಳಿದರೆ ಉತ್ತರ ಹುಡುಕಬೇಕಾಗುತ್ತದೆ. 9ಎಯಲ್ಲಿ ಆ ತೊಡಕಿಲ್ಲ, ಅದನ್ನೇ ಮೊದಲು ಕೇಳುವುದು ಒಳ್ಳೆಯದು.

ಇನ್ನು ತಮ್ಮನ ಪಾಡು. "ಒಂದೇ ಮನೆ ತಾನೆ, ಅವನೇ ತಗೊಳ್ಳಲಿ, ಆಮೇಲೆ ಲೆಕ್ಕ ಮಾಡಿಕೊಳ್ಳೋಣ" ಎಂಬ ಮಾತು ಇಂಥ ಕಡೆ ಬಂದೇ ಬರುತ್ತದೆ. ಮೆಷಿನ್ ಪಡೆದವನು ತಮ್ಮ ಅಲ್ಲ, ಆದ್ದರಿಂದ ಕ್ರೆಡಿಟ್ ಅವನದಲ್ಲ. ಪಡೆದು ಬಳಸಿಬಿಟ್ಟರೆ ಆ ಮೊತ್ತವನ್ನು ವರ್ಷಕ್ಕೆ ಶೇ 18ರ ಬಡ್ಡಿಯೊಂದಿಗೆ ಕಟ್ಟಬೇಕು. 2024ರ ಅಕ್ಟೋಬರ್‌ನಿಂದ ಪೋರ್ಟಲ್‌ನಲ್ಲಿ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬಂದಿದೆ. ತನ್ನದಲ್ಲದ ಬಿಲ್ ಕಂಡಾಗ ತಮ್ಮ ಅಲ್ಲೇ ಅದನ್ನು ತಿರಸ್ಕರಿಸಬಹುದು.

ಕಾಲಮಿತಿ ನೆನಪಿರಲಿ. ಡೀಲರ್ ತಿದ್ದುವುದಕ್ಕೂ ಕೊಂಡವರು ಕ್ರೆಡಿಟ್ ಪಡೆಯುವುದಕ್ಕೂ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಕೊನೆ, ಅದಕ್ಕೂ ಮೊದಲು ವಾರ್ಷಿಕ ರಿಟರ್ನ್ ಹಾಕಿದ್ದರೆ ಆ ದಿನವೇ ಕೊನೆ. 2025-26ರ ಬಿಲ್‌ಗೆ 2026ರ ನವೆಂಬರ್ 30. ಹಳೆಯ ವರ್ಷಗಳಿಗೆ ಒಂದಷ್ಟು ವಿನಾಯಿತಿ ಸಿಕ್ಕಿದ್ದುಂಟು. 2017-18 ಮತ್ತು 2018-19ರಲ್ಲಿ ಕೊಂಡವರ ನಂಬರ್ ತಪ್ಪಾಗಿದ್ದರೆ ಮಾರಿದವರಿಂದ ಅಥವಾ ಚಾರ್ಟರ್ಡ್ ಅಕೌಂಟೆಂಟ್‌ರಿಂದ ಪ್ರಮಾಣಪತ್ರ ಪಡೆದು ಪರಿಶೀಲಿಸಬಹುದು ಎಂದು 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಸುತ್ತೋಲೆ ಬಂತು. ಮರುತಿಂಗಳು ವಿಪ್ರೊ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಇದೇ ಅನುಕೂಲವನ್ನು 2019-20ರ ಬಿಲ್‌ಗಳಿಗೂ ವಿಸ್ತರಿಸಿತು. ಈಚಿನ ಬಿಲ್‌ಗಳಿಗೆ ಆ ಸುತ್ತೋಲೆಯನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಡೀಲರ್ ದಿನ ದೂಡುತ್ತಿದ್ದರೆ ಬಿಲ್‌ನ ತೆರಿಗೆ ಭಾಗದ ಹಣವನ್ನು ತಿದ್ದುಪಡಿ ಆಗುವವರೆಗೆ ಹಿಡಿದಿಟ್ಟುಕೊಳ್ಳುವವರಿದ್ದಾರೆ. ಆರ್ಡರ್ ಕೊಡುವಾಗಲೇ ಈ ಷರತ್ತು ಬರೆದುಕೊಂಡಿದ್ದರೆ ಜಗಳವಿಲ್ಲದೆ ಮುಗಿಯುತ್ತದೆ. ಆದರೆ ಬಿಲ್ ತಾರೀಕಿನಿಂದ 180 ದಿನದೊಳಗೆ ಡೀಲರ್‌ಗೆ ಪೂರ್ತಿ ಹಣ ಸಲ್ಲದಿದ್ದರೆ, ಅಷ್ಟರಲ್ಲಿ ಪಡೆದ ಕ್ರೆಡಿಟ್ಟನ್ನೂ ಬಡ್ಡಿಯೊಂದಿಗೆ ವಾಪಸ್ ಮಾಡಬೇಕು. ಆಮೇಲೆ ಹಣ ಕೊಟ್ಟಾಗ ಅದು ಮತ್ತೆ ಸಿಗುತ್ತದೆ, ಕಟ್ಟಿದ ಬಡ್ಡಿ ಸಿಗುವುದಿಲ್ಲ.