ಉಸಿರನ್ನು ಬಿಗಿಯುವ ಸುಣ್ಣದ ಕಣಗಳು

ಮನುಷ್ಯನ ಸ್ನಾಯುಗಳೆಲ್ಲ ಅವನ ಮಾತು ಕೇಳುವವಲ್ಲ. ಏಳೆಂದರೆ ಕೈ ಏಳುತ್ತದೆ, ನಡೆಯೆಂದರೆ ಕಾಲು ನಡೆಯುತ್ತದೆ. ಆದರೆ ಎದೆಗೂಡಿನೊಳಗೆ ಮರದ ಕೊಂಬೆಗಳಂತೆ ಕವಲೊಡೆದು ಹಬ್ಬಿರುವ ಶ್ವಾಸನಾಳಗಳನ್ನು ಸುತ್ತಿಕೊಂಡ ಸ್ನಾಯುವಿಗೆ ಯಜಮಾನನ ಅಪ್ಪಣೆ ತಲಪುವುದೇ ಇಲ್ಲ. ಗೂರಲಿನ ರೋಗಿ ನಡುರಾತ್ರಿಯಲ್ಲಿ ಎದ್ದು ಕುಳಿತು, ಹೆಗಲನ್ನೆತ್ತಿ, ಕತ್ತಿನ ನರಗಳು ಉಬ್ಬುವಂತೆ ಉಸಿರೆಳೆಯುವಾಗ ಅವನ ಬಲವೆಲ್ಲ ಎದೆಯ ಸ್ನಾಯುಗಳಿಗೆ ಸೇರಿದ್ದು. ಒಳಗೆ ಬಿಗಿದಿರುವ ಸ್ನಾಯುವನ್ನು ಸಡಿಲಿಸಲು ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಆದರೆ ಸಣ್ಣ ಡಬ್ಬಿಯೊಂದನ್ನು ಬಾಯಿಗಿಟ್ಟು ಒತ್ತಿದಾಗ ಹೊರಬರುವ ಔಷಧ, ಒಂದು ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲು ಮಾತ್ರವಾದರೂ, ಐದು ನಿಮಿಷದೊಳಗೆ ಆ ಬಿಗಿತವನ್ನು ಸಡಿಲಿಸತೊಡಗುತ್ತದೆ. ಇಷ್ಟು ಅಲ್ಪವಾದ ವಸ್ತು ಅಲ್ಲಿ ಹೋಗಿ ಮಾಡುವುದಾದರೂ ಏನು?

ಮೊದಲು ನಾಳದ ಅಳತೆಯನ್ನು ಗಮನಿಸಬೇಕು. ಗಾಳಿ ಸರಾಗವಾಗಿ ಹರಿಯುವ ಕೊಳವೆಯೊಂದರ ಅಗಲ ಅರ್ಧಕ್ಕಿಳಿದರೆ ಹರಿವಿಗೆ ಒದಗುವ ಅಡ್ಡಿ ಎರಡು ಪಟ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಆದುದರಿಂದ ನಾಳದ ಸುತ್ತಲಿನ ಸ್ನಾಯು ಒಂದಿಷ್ಟೇ ಬಿಗಿದರೂ ರೋಗಿಗೆ ಗಂಟಲಿಗೆ ಉರುಳು ಬಿದ್ದಂತಾಗುತ್ತದೆ. ಅದು ಒಂದಿಷ್ಟೇ ಸಡಿಲಿದರೂ ಹೋದ ಜೀವ ಬಂದಂತಾಗುತ್ತದೆ.

ಈ ಸ್ನಾಯುವಿಗೆ ನುಣುಪು ಸ್ನಾಯುವೆಂದು ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೋಳಿನ ಸ್ನಾಯುವಿನಲ್ಲಿ ಕಾಣುವ ಅಡ್ಡಪಟ್ಟೆಗಳು ಇದರಲ್ಲಿ ಇಲ್ಲ. ರಕ್ತನಾಳ, ಕರುಳು, ಗರ್ಭಕೋಶಗಳಲ್ಲಿರುವುದೂ ಇದೇ ಜಾತಿ. ಎರಡು ಬಗೆಯ ಸ್ನಾಯುಗಳಲ್ಲಿಯೂ ಎಳೆಯುವ ಯಂತ್ರ ಒಂದೇ: ಮಯೊಸಿನ್ ಎಂಬ ಪ್ರೋಟೀನಿನ ಎಳೆ ಆಕ್ಟಿನ್ ಎಂಬ ಮತ್ತೊಂದು ಪ್ರೋಟೀನಿನ ಎಳೆಯನ್ನು ಹಿಡಿದು ಜಗ್ಗುತ್ತದೆ. ಎರಡರಲ್ಲಿಯೂ ಜಗ್ಗಲು ಸನ್ನೆ ಕೊಡುವುದು ಕ್ಯಾಲ್ಸಿಯಂ, ಅಂದರೆ ಸುಣ್ಣದಲ್ಲಿರುವ ಧಾತುವೇ. ವ್ಯತ್ಯಾಸವಿರುವುದು ಆ ಸನ್ನೆಯನ್ನು ಓದುವವರಲ್ಲಿ.

ತೋಳಿನ ಸ್ನಾಯುವಿನಲ್ಲಿ ಕ್ಯಾಲ್ಸಿಯಮ್ಮಿನ ಸನ್ನೆಯನ್ನು ಓದುವುದು ಆಕ್ಟಿನ್ನಿನ ಎಳೆಯ ಮೇಲೆ ಕುಳಿತ ಟ್ರೋಪೋನಿನ್ ಎಂಬ ಕಾವಲುಗಾರನೆಂದು ಜಪಾನಿನ ಸೆತ್ಸುರೋ ಎಬಾಶಿಯವರು 1960ರ ದಶಕದಲ್ಲಿ ತೋರಿಸಿಕೊಟ್ಟರು. ನುಣುಪು ಸ್ನಾಯುವಿನಲ್ಲಿ ಹುಡುಕಿದರೆ ಆ ಕಾವಲುಗಾರನೇ ಇಲ್ಲ! ಹಾಗಾದರೆ ಇಲ್ಲಿ ಓದುವವರು ಯಾರು? ಉತ್ತರ ಬಂದದ್ದು ಕೋಳಿಯ ಹೊಟ್ಟೆಯಿಂದ. ಕಾಳುಗಳನ್ನು ಅರೆಯಲು ಕೋಳಿಗೆ ಗಟ್ಟಿಯಾದ ಸ್ನಾಯುಚೀಲವೊಂದುಂಟು. ಅದು ಬಹುಮಟ್ಟಿಗೆ ನುಣುಪು ಸ್ನಾಯುವೇ ಆದುದರಿಂದ ವಿಜ್ಞಾನಿಗಳಿಗೆ ಅಗ್ಗದ ಗಣಿಯಾಯಿತು. 1977–78ರಲ್ಲಿ ಅಮೆರಿಕದ ಡೇವಿಡ್ ಹಾರ್ಟ್‌ಶಾರ್ನ್ ಮತ್ತು ಅವರ ಸಂಗಡಿಗರು ಅದರಿಂದ ಸಂಕೋಚನದ ಕಿಣ್ವವನ್ನು ಬೇರ್ಪಡಿಸಿ ನೋಡಿದಾಗ, ಅದು ಕೆಲಸಮಾಡಲು ಇನ್ನೊಂದು ಪುಟ್ಟ ಪ್ರೋಟೀನಿನ ಜೊತೆ ಬೇಕೆಂಬುದು ತಿಳಿಯಿತು. ಆ ಪುಟ್ಟ ಪ್ರೋಟೀನು ಹಳೆಯ ಪರಿಚಯದ್ದೇ ಆಗಿತ್ತು. 1970ರಲ್ಲಿಯೇ ಅಮೆರಿಕದಲ್ಲಿ ವೈ ಯೂ ಚ್ಯೂಂಗ್, ಜಪಾನಿನಲ್ಲಿ ಶಿರೋ ಕಾಕಿಯುಚಿ, ಒಬ್ಬರಿಗೊಬ್ಬರು ತಿಳಿಯದಂತೆ, ಮಿದುಳಿನ ಅಂಗಾಂಶದಲ್ಲಿ ಅದನ್ನು ಕಂಡಿದ್ದರು. ಅದೇ ಕ್ಯಾಲ್‌ಮಾಡ್ಯುಲಿನ್.

ಈಗ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಮೂವತ್ತೆಂಟು ವರ್ಷದ ಗೃಹಿಣಿ, ಚಿಕ್ಕಂದಿನಿಂದ ಗೂರಲು. ಹಬ್ಬದ ಹಿಂದಿನ ದಿನ ಅಟ್ಟದ ಸಾಮಾನು ಇಳಿಸುವಾಗ ಧೂಳು ಉಸಿರಿನೊಡನೆ ಒಳಹೋಗುತ್ತದೆ. ನಾಳದ ಒಳಪದರದಲ್ಲಿರುವ ಕೆಲವು ಕೋಶಗಳು ಕೆರಳಿ ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಚೆಲ್ಲುತ್ತವೆ. ಅತ್ತ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಒಸರುತ್ತದೆ. ಇವು ಯಾವುವೂ ಸ್ನಾಯುಕೋಶದ ಒಳಕ್ಕೆ ಹೋಗುವುದಿಲ್ಲ. ಹೊರಬಾಗಿಲಿನ ಗ್ರಾಹಕಗಳನ್ನು ತಟ್ಟುತ್ತವೆ, ಅಷ್ಟೆ. ತಟ್ಟಿದೊಡನೆ ಒಳಗೆ ಪುಟ್ಟ ದೂತ ಅಣುವೊಂದು ಹುಟ್ಟಿ, ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣದ ಬಾಗಿಲನ್ನು ತೆರೆಯುತ್ತದೆ.

ಸ್ನಾಯು ವಿಶ್ರಾಂತಿಯಲ್ಲಿರುವಾಗ ಕೋಶದ ಒಳಗೆ ಬಿಡಿಯಾಗಿರುವ ಕ್ಯಾಲ್ಸಿಯಂ, ಹೊರಗಿನದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಉಗ್ರಾಣ ತೆರೆದಾಗ ಅದು ಕ್ಷಣಮಾತ್ರದಲ್ಲಿ ಹಲವು ಪಟ್ಟು ಏರುತ್ತದೆ. ಕ್ಯಾಲ್‌ಮಾಡ್ಯುಲಿನ್ನಿನಲ್ಲಿ ಕ್ಯಾಲ್ಸಿಯಮ್ಮಿಗೆಂದೇ ನಾಲ್ಕು ಗೂಡುಗಳಿವೆ. ಅವು ತುಂಬಿದೊಡನೆ ಅದರ ಆಕಾರವೇ ಬದಲಾಗಿ, ಎರಡು ಕೈಗಳಿಂದ ಬಾಚಿ ತಬ್ಬುವ ಶಕ್ತಿ ಬರುತ್ತದೆ. ಅದು ತಬ್ಬುವುದು ಮಯೊಸಿನ್ ಲೈಟ್ ಚೈನ್ ಕೈನೇಸ್ ಎಂಬ ಕಿಣ್ವವನ್ನು. ಹೆಸರು ಉದ್ದ, ಕೆಲಸ ಸರಳ. ಕ್ಯಾಲ್‌ಮಾಡ್ಯುಲಿನ್ ಇಲ್ಲದಾಗ ಈ ಕಿಣ್ವ ತನ್ನ ಬಾಲದ ತುದಿಯಿಂದ ತನ್ನ ಬಾಯಿಯನ್ನೇ ಮುಚ್ಚಿಕೊಂಡಿರುತ್ತದೆ. ಕ್ಯಾಲ್‌ಮಾಡ್ಯುಲಿನ್ ಆ ಬಾಲವನ್ನು ಹಿಡಿದೆಳೆದೊಡನೆ ಬಾಯಿ ತೆರೆದು, ಮಯೊಸಿನ್ನಿನ ಕೊರಳಿಗೆ ಸುತ್ತಿಕೊಂಡಿರುವ ಹಗುರ ಸರಪಳಿಯ ಮೇಲೆ, ಅದರ ಹತ್ತೊಂಬತ್ತನೆಯ ಕೊಂಡಿಯಲ್ಲಿ, ಒಂದು ಫಾಸ್ಫೇಟನ್ನು ಅಂಟಿಸುತ್ತದೆ. ಮಯೊಸಿನ್ನಿಗೆ ಬೇಕಾದ ಅಪ್ಪಣೆ ಅದೇ. ಅದು ಆಕ್ಟಿನ್ನನ್ನು ಹಿಡಿದು ಎಳೆಯುತ್ತದೆ, ಕೋಶ ಕುಗ್ಗುತ್ತದೆ, ನಾಳ ಕಿರಿದಾಗುತ್ತದೆ, ಗೃಹಿಣಿಯ ಎದೆಯಲ್ಲಿ ಸಿಳ್ಳು ಏಳುತ್ತದೆ.

ಅಂಟಿಸುವವನೊಬ್ಬನಿದ್ದರೆ ಕೀಳುವವನೂ ಇರಬೇಕಲ್ಲವೆ? ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಹಗಲಿರುಳೂ ಆ ಫಾಸ್ಫೇಟುಗಳನ್ನು ಕೀಳುತ್ತಲೇ ಇರುತ್ತದೆ. ಆದುದರಿಂದ ಸ್ನಾಯುವಿನ ಬಿಗಿ ಎಂಬುದು ಈ ಇಬ್ಬರು ಕೆಲಸಗಾರರ ಪೈಪೋಟಿಯ ಫಲ. ಸಂಕೋಚನದ ಸನ್ನೆಯೇ ಇನ್ನೊಂದು ದಾರಿಯಿಂದ, ರೋ ಕೈನೇಸ್ ಎಂಬ ಕಿಣ್ವದ ಮೂಲಕ, ಕೀಳುವವನ ಕೈಯನ್ನು ಕಟ್ಟಿಹಾಕಬಲ್ಲದು. ಆಗ ಕ್ಯಾಲ್ಸಿಯಂ ಇಳಿದರೂ ಬಿಗಿ ಪೂರ್ತಿ ಇಳಿಯುವುದಿಲ್ಲ.

ಸ್ನಾಯುವನ್ನು ಸಡಿಲಿಸುವುದೆಂದರೆ ಈ ಸರಣಿಯಲ್ಲಿ ಎಲ್ಲಿಯಾದರೂ ಕೈಹಾಕುವುದು. ಹಳೆಯ ಕಾಲದ ಉಪಾಯ ಮೊದಲ ಬಾಗಿಲಿನದು. ದತ್ತೂರದ ಹೊಗೆಯನ್ನು ಸೇದಿ ಗೂರಲಿಗೆ ಉಪಶಮನ ಪಡೆಯುವ ಪದ್ಧತಿ ನಮ್ಮ ದೇಶದಲ್ಲಿ ಹಿಂದಿನಿಂದಲೂ ಇತ್ತು. 1802ರಲ್ಲಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ಅದನ್ನು ಮದರಾಸಿನಿಂದ ಬ್ರಿಟನ್ನಿಗೆ ಕೊಂಡೊಯ್ದನು. ದತ್ತೂರದ ಸಾರ ಅಸಿಟೈಲ್‌ಕೋಲಿನ್ ತಟ್ಟುವ ಬಾಗಿಲಿಗೆ ಅಡ್ಡಕುಳಿತುಕೊಳ್ಳುತ್ತದೆ. ಆದರೆ ಅದೇ ಸಾರ ಮಿದುಳಿಗೂ ಹೋಗಿ ಮತಿಭ್ರಮೆ ತರುವ ವಿಷ, ಮನೆಯಲ್ಲಿ ಪ್ರಯೋಗಿಸತಕ್ಕದ್ದಲ್ಲ. ಮಿದುಳಿಗೆ ಸುಲಭವಾಗಿ ನುಗ್ಗದಂತೆ ರೂಪಿಸಿದ ಅದರ ಸಂಬಂಧಿಕ ಇಪ್ರಟ್ರೋಪಿಯಂ ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಇದರ ಮಿತಿ ಸ್ಪಷ್ಟ: ತಟ್ಟುತ್ತಿರುವುದು ಹಿಸ್ಟಮಿನ್ ಆದರೆ ಅದರ ಬಾಗಿಲೇ ಬೇರೆ.

ಡಬ್ಬಿಯಲ್ಲಿರುವ ಸಾಲ್ಬುಟಮಾಲ್ ಹಾಗಲ್ಲ. ಡೇವಿಡ್ ಜ್ಯಾಕ್ ಅವರ ನೇತೃತ್ವದಲ್ಲಿ ಇಂಗ್ಲೆಂಡಿನ ವೇರ್ ಎಂಬ ಊರಿನ ಪ್ರಯೋಗಾಲಯದಲ್ಲಿ ತಯಾರಾಗಿ 1969ರಲ್ಲಿ ಮಾರುಕಟ್ಟೆಗೆ ಬಂದ ಈ ಔಷಧ ಸಂಕೋಚಕರ ಬಾಗಿಲನ್ನು ಮುಟ್ಟುವುದಿಲ್ಲ. ತನ್ನದೇ ಬೇರೊಂದು ಬಾಗಿಲನ್ನು, ಬೀಟಾ-2 ಗ್ರಾಹಕವನ್ನು, ತಟ್ಟುತ್ತದೆ. ಒಳಗೆ ಸೈಕ್ಲಿಕ್ ಎಎಂಪಿ ಎಂಬ ಇನ್ನೊಬ್ಬ ದೂತ ಹುಟ್ಟಿ, ಪ್ರೋಟೀನ್ ಕೈನೇಸ್-ಎ ಎಂಬ ಕಿಣ್ವವನ್ನು ಎಬ್ಬಿಸುತ್ತಾನೆ. ಬಿಗಿಸಿದವರು ಯಾರೇ ಇರಲಿ, ಈ ಸಡಿಲಿಕೆ ಎಲ್ಲರನ್ನೂ ಎದುರಿಸುತ್ತದೆ.

ಎಚ್ಚೆತ್ತ ಆ ಕಿಣ್ವ ಮುಂದೆ ಮಾಡುವುದೇನು? 1978ರಲ್ಲಿ ಅಮೆರಿಕದ ರಾಬರ್ಟ್ ಆಡಲ್‌ಸ್ಟೀನ್ ಮತ್ತು ಸಂಗಡಿಗರಿಗೆ ಬಹು ಚೆಲುವಾದ ಉತ್ತರವೊಂದು ಸಿಕ್ಕಿತು. ಪ್ರನಾಳದಲ್ಲಿ ಅದು ಮಯೊಸಿನ್ನಿನ ಕೈನೇಸಿಗೇ ಫಾಸ್ಫೇಟ್ ಅಂಟಿಸುತ್ತದೆ. ಹಾಗೆ ಅಂಟಿದ ಮೇಲೆ ಆ ಕೈನೇಸನ್ನು ಕ್ಯಾಲ್‌ಮಾಡ್ಯುಲಿನ್ ಅಷ್ಟು ಸುಲಭವಾಗಿ ತಬ್ಬಲಾರದು. ಗುಟ್ಟು ಸಿಕ್ಕಿತೆಂದು ಪಠ್ಯಪುಸ್ತಕಗಳು ಬರೆದುಕೊಂಡವು; ಕೆಲವು ಇನ್ನೂ ಹಾಗೆಯೇ ಬರೆಯುತ್ತವೆ. ಆದರೆ ಜೇಮ್ಸ್ ಸ್ಟಲ್ ಮತ್ತು ಸಂಗಡಿಗರು ಜೀವಂತ ಶ್ವಾಸನಾಳದ ಸ್ನಾಯುಪಟ್ಟಿಯನ್ನೇ ಪರೀಕ್ಷಿಸಿದಾಗ ಕಥೆ ತಿರುಗಿತು. ಸಂಕೋಚನದ ದ್ರವ್ಯವನ್ನು ಹಾಕಿದಾಗಲೂ, ಅಂದರೆ ಸ್ನಾಯು ಬಿಗಿಯುತ್ತಿರುವಾಗಲೇ, ಕೈನೇಸಿನ ಅದೇ ಸ್ಥಳಕ್ಕೆ ಫಾಸ್ಫೇಟ್ ಅಂಟುತ್ತಿತ್ತು! ಏರಿದ ಕ್ಯಾಲ್ಸಿಯಮ್ಮೇ ಬೇರೊಂದು ಕಿಣ್ವದ ಮೂಲಕ ಅದನ್ನು ಮಾಡಿಸುತ್ತಿತ್ತು. ಸಡಿಲಿಕೆಯ ಮುದ್ರೆಯೆಂದು ತಿಳಿದದ್ದು ಬಿಗಿತದ ಜೊತೆಯಲ್ಲಿಯೇ ಕಾಣಿಸಿಕೊಂಡರೆ ಅದು ಮುಖ್ಯ ಕಾರಣವಾಗಲಾರದು. ಪ್ರನಾಳದಲ್ಲಿ ಸತ್ಯವಾದುದು ಜೀವಕೋಶದಲ್ಲಿ ಮುಖ್ಯವಾಗಲೇಬೇಕೆಂಬ ನಿಯಮವಿಲ್ಲ.

ಈಗ ತಿಳಿದಿರುವಂತೆ ಸಾಲ್ಬುಟಮಾಲಿನ ಮುಖ್ಯ ಕೆಲಸ ಇನ್ನೂ ಮೇಲಿನ ಹಂತದ್ದು. ಅದು ಉಗ್ರಾಣದ ಬಾಗಿಲು ತೆರೆಯುವುದನ್ನು ತಗ್ಗಿಸುತ್ತದೆ, ಪೊಟ್ಯಾಸಿಯಂ ಹೊರಹೋಗುವ ದ್ವಾರಗಳನ್ನು ತೆರೆದು ಕೋಶವನ್ನು ಶಾಂತಗೊಳಿಸುತ್ತದೆ, ಒಟ್ಟಿನಲ್ಲಿ ಕ್ಯಾಲ್ಸಿಯಮ್ಮನ್ನು ಇಳಿಸುತ್ತದೆ. ಕ್ಯಾಲ್ಸಿಯಂ ಇಳಿದರೆ ಕ್ಯಾಲ್‌ಮಾಡ್ಯುಲಿನ್ ಕೈಬಿಡುತ್ತದೆ, ಕೈನೇಸ್ ಮತ್ತೆ ಬಾಯಿ ಮುಚ್ಚುತ್ತದೆ. ಉಳಿದುದನ್ನು ಕೀಳುವವನು ನೋಡಿಕೊಳ್ಳುತ್ತಾನೆ.

ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್ ಕೂಡ ಕ್ಯಾಲ್ಸಿಯಮ್ಮನ್ನೇ ತಡೆಯುವ ಮದ್ದಲ್ಲವೆ, ಅದನ್ನೇ ಗೂರಲಿಗೂ ಕೊಡಬಾರದೇಕೆ ಎಂದು ಕೇಳಬಹುದು. ಕೊಟ್ಟು ನೋಡಿದ್ದೂ ಆಯಿತು, ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಆ ಔಷಧ ಮುಚ್ಚುವುದು ಹೊರಗಿನಿಂದ ಕ್ಯಾಲ್ಸಿಯಂ ಬರುವ ಬಾಗಿಲನ್ನು. ರಕ್ತನಾಳದ ಸ್ನಾಯು ಆ ಬಾಗಿಲನ್ನು ಬಹಳವಾಗಿ ನೆಚ್ಚಿದೆ; ಶ್ವಾಸನಾಳದ ಸ್ನಾಯು ನೆಚ್ಚಿರುವುದು ಹೆಚ್ಚಾಗಿ ತನ್ನ ಮನೆಯ ಉಗ್ರಾಣವನ್ನು.

ಇನ್ನು ಆ ಗೃಹಿಣಿಯ ವಿಷಯ. ವೈದ್ಯರು ಆಕೆಯನ್ನು ಕೊಳವೆಯೊಂದರಲ್ಲಿ ಬಲವಾಗಿ ಊದಿಸುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ 1.5 ಲೀಟರು, ಆಕೆಯ ವಯಸ್ಸು, ಎತ್ತರಗಳಿಗೆ ಇರಬೇಕಾದದ್ದು 2.4. ಡಬ್ಬಿಯನ್ನು ನಾಲ್ಕು ಬಾರಿ ಒತ್ತಿ ಔಷಧ ಕೊಟ್ಟು ಹದಿನೈದು ನಿಮಿಷ ಕಾದು ಮತ್ತೆ ಊದಿಸಿದರೆ 1.95. ಏರಿಕೆ 450 ಮಿಲಿಲೀಟರು, ನೂರಕ್ಕೆ ಮೂವತ್ತು. ಈ ಏರಿಕೆ ನೂರಕ್ಕೆ ಹನ್ನೆರಡನ್ನೂ 200 ಮಿಲಿಲೀಟರನ್ನೂ ಮೀರಿದರೆ ನಾಳ ಔಷಧಕ್ಕೆ ಸ್ಪಂದಿಸಿತೆಂದು ವಾಡಿಕೆಯ ಲೆಕ್ಕ. ಬಿಗಿದ ಸ್ನಾಯು ಸಡಿಲಿತೆಂಬುದು ಖಚಿತ. ಆದರೂ 2.4 ಬರಲಿಲ್ಲ. ಉಳಿದ ಕೊರತೆಗೆ ನಾಳದ ಒಳಪದರದ ಬಾವು ಮತ್ತು ಅಂಟಾದ ಕಫ ಬಹುಮಟ್ಟಿಗೆ ಕಾರಣ. ಅವುಗಳಿಗೆ ಕೈನೇಸೂ ಗೊತ್ತಿಲ್ಲ, ಕ್ಯಾಲ್‌ಮಾಡ್ಯುಲಿನ್ನೂ ಗೊತ್ತಿಲ್ಲ.

ಬಾವನ್ನು ಇಳಿಸುವುದು ಉಸಿರಿನೊಡನೆ ತೆಗೆದುಕೊಳ್ಳುವ ಸ್ಟೀರಾಯ್ಡ್ ಔಷಧ. ಅದಕ್ಕೆ ನಿಮಿಷಗಳು ಸಾಲವು, ದಿನಗಳೂ ವಾರಗಳೂ ಬೇಕು. ಕೂಡಲೇ ಸುಖ ಕಾಣದ್ದರಿಂದ ರೋಗಿಗಳು ಅದನ್ನು ಬಿಟ್ಟು ಸುಖ ಕೊಡುವ ಡಬ್ಬಿಯನ್ನೇ ಹಿಡಿದುಕೊಳ್ಳುತ್ತಾರೆ. ಸ್ನಾಯು ಸಡಿಲಿದ ನೆಮ್ಮದಿಯಲ್ಲಿ ಬಾವು ಸದ್ದಿಲ್ಲದೆ ಬೆಳೆಯುತ್ತದೆ. ಪದೇ ಪದೇ ತಟ್ಟಿಸಿಕೊಂಡ ಬೀಟಾ-2 ಬಾಗಿಲುಗಳೂ ಮಂದವಾಗುತ್ತವೆ. ಈ ಕಾರಣದಿಂದಲೇ 2019ರಲ್ಲಿ ಗೂರಲಿನ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗದರ್ಶಿ, ಹದಿಹರೆಯದವರಿಗೂ ವಯಸ್ಕರಿಗೂ ಸಾಲ್ಬುಟಮಾಲನ್ನು ಒಂಟಿಯಾಗಿ ಕೊಡುವುದನ್ನು ಕೈಬಿಟ್ಟು, ಸ್ಟೀರಾಯ್ಡಿನ ಜೊತೆ ಇರಲೇಬೇಕೆಂದಿತು.

ಡಬ್ಬಿ ಒತ್ತಿದ ಮೇಲೆ ಕೈ ಸ್ವಲ್ಪ ನಡುಗುವುದೂ ಎದೆ ಡವಗುಟ್ಟುವುದೂ ಆ ಔಷಧದ ಸಹಜ ಗುಣ, ಅದಕ್ಕೆ ಬೆದರಬೇಕಾಗಿಲ್ಲ. ಬೆದರಬೇಕಾದದ್ದು ಬೇರೆ. ನಾಲ್ಕರಿಂದ ಆರು ಗಂಟೆ ಬಾಳಬೇಕಾದ ಉಪಶಮನ ಎರಡೇ ಗಂಟೆಗೆ ಮುಗಿಯತೊಡಗಿದರೆ, ಮಾತನಾಡುವಾಗ ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಎಲ್ಲಕ್ಕಿಂತ ಮಿಗಿಲಾಗಿ, ಸಂಕಟ ಹೆಚ್ಚಿದ್ದರೂ ಎದೆಯ ಸಿಳ್ಳು ಇದ್ದಕ್ಕಿದ್ದಂತೆ ನಿಂತು ಮೌನವಾದರೆ, ಮನೆಯವರು ಅದನ್ನು ಗುಣವೆಂದು ತಿಳಿಯದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸಿಳ್ಳು ಹುಟ್ಟುವುದಕ್ಕೂ ಒಂದಿಷ್ಟು ಗಾಳಿ ಓಡಾಡಬೇಕು.