ಸ್ವೇಡ್ ಷೂ ಮೇಲೆ ನೀರಿನ ಉಂಗುರ

ಸ್ವೇಡ್ ಷೂ ಮೇಲೆ ನಾಲ್ಕು ಮಳೆಹನಿ ಬಿದ್ದು ಆರಿದರೆ ಸಾಕು, ಅಲ್ಲೆಲ್ಲ ಉಂಗುರದಂಥ ಕಲೆಗಳು ಕಾಣುತ್ತವೆ. ಇದಕ್ಕೆ ಕಾರಣವೇನು? ಸ್ವೇಡ್ ಎಂದರೆ ಚರ್ಮದ ಒಳಮೈ. ಅದನ್ನು ಉಜ್ಜಿ ನವಿರಾದ ಎಳೆಗಳನ್ನು ಎಬ್ಬಿಸಿರುತ್ತಾರೆ. ಹನಿಯ ನೀರು ಎಳೆಗಳ ನಡುವಿನ ದೂಳನ್ನೂ ಬಣ್ಣವನ್ನೂ ಅಂಚಿಗೆ ಒಯ್ಯುತ್ತದೆ. ನೀರು ಆವಿಯಾದಾಗ ಅವು ಅಲ್ಲೇ ಉಳಿಯುತ್ತವೆ. ಹೀಗಾಗಿ ಕಲೆಯನ್ನಷ್ಟೇ ಒದ್ದೆ ಮಾಡಿ ತಿಕ್ಕಿದರೆ ಇನ್ನೂ ದೊಡ್ಡ ಉಂಗುರ ಮೂಡುತ್ತದೆ!

ಮೊದಲು ಒಣಗಿದ ಷೂವನ್ನು ಹಳೆಯ ಮೆತ್ತನೆಯ ಟೂತ್‌ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ ದೂಳು ತೆಗೆಯಿರಿ. ದೂಳು ಉಳಿದರೆ ನೀರು ತಾಗಿ ಕೆಸರಾಗುತ್ತದೆ. ಷೂ ಒಳಗೆ ಬಿಳಿ ಕಾಗದ ತುಂಬಿ; ಸುದ್ದಿಪತ್ರಿಕೆಯಾದರೆ ಶಾಯಿ ಅಂಟೀತು. ಬಿಳಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ಬಿಗಿಯಾಗಿ ಹಿಂಡಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತದಿದ್ದರೆ, ಕಲೆಯಿರುವ ಭಾಗವನ್ನು ಒಂದು ಹೊಲಿಗೆಯಿಂದ ಮತ್ತೊಂದು ಹೊಲಿಗೆಯವರೆಗೆ ಸಮನಾಗಿ ಒತ್ತುತ್ತಾ ಬನ್ನಿ. ತೇವ ಎಲ್ಲೆಡೆ ಒಂದೇ ಸಮ ಇದ್ದರೆ ನಡುವೆ ಅಂಚೇ ಇರದು, ಉಂಗುರವೂ ಮೂಡದು.

ರಾತ್ರಿಯಿಡೀ ನೆರಳಿನಲ್ಲಿ ಆರಲು ಬಿಡಿ. ಬಿಸಿಲಿಗೋ ಒಲೆಯ ಬಳಿಗೋ ಇಟ್ಟರೆ ಚರ್ಮ ಬಿರುಸಾಗಿ ಮುದುಡುತ್ತದೆ. ಬೆಳಿಗ್ಗೆ ಮತ್ತೆ ಬ್ರಷ್ ಮಾಡಿದರೆ ಅಂಟಿಕೊಂಡ ಎಳೆಗಳು ಏಳುತ್ತವೆ.

ತಿಕ್ಕಿ ಹೊಳಪೇರಿದ ಗುರುತಿದ್ದರೆ ಎಳೆಗಳು ಮಲಗಿವೆ ಎಂದರ್ಥ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರನ್ನು ಹಗುರವಾಗಿ ಆಡಿಸಿ, ಬ್ರಷ್ ಮಾಡಿ. ಎಳೆಯೇ ಸವೆದುಹೋಗಿದ್ದರೆ ಮಾತ್ರ ಯಾವ ಉಪಾಯಕ್ಕೂ ಅದು ಮರಳದು. ಮಖಮಲ್ ಷೂ ಬಟ್ಟೆಯದು. ಅದಕ್ಕೆ ರಬ್ಬರ್ ಬೇಡ, ಒಣ ಮೆತ್ತನೆಯ ಬ್ರಷ್ ಸಾಕು.